ಗುರುದ್ವಾರದಲ್ಲಿ ರಾಗಿ ಅಂದರೆ ಮುದ್ದೆ ಅಲ್ಲ: ಮೊದಲ ಸಲ ಹೋಗುವವರಿಗೆ ಅಲ್ಲಿನ ಮಾತುಗಳು

ಮೊದಲ ಸಲ ಅಮೃತಸರಕ್ಕೆ ಹೋದಾಗ ಗುರುದ್ವಾರದ ಲಂಗರ್ ಹಾಲ್‌ನಲ್ಲಿ, ಅಂದರೆ ಊಟದ ಹಾಲ್‌ನಲ್ಲಿ, ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಬುಟ್ಟಿ ಹಿಡಿದ ಒಬ್ಬರು "ಪರ್ಶಾದಾ ಜೀ, ಪರ್ಶಾದಾ" ಅಂತ ಕೂಗುತ್ತಾ ಬಂದರು. ಪ್ರಸಾದ ಅಂದರೆ ಸಿಹಿ ಇರಬೇಕು, ಊಟ ಆದ ಮೇಲೆ ತಗೊಂಡರಾಯಿತು ಅಂದುಕೊಂಡು ಕೈ ಅಡ್ಡ ಹಿಡಿದು ಬೇಡ ಅಂದೆ. ಎರಡನೇ ಸುತ್ತು ಬಂದಾಗಲೂ ಬೇಡ ಅಂದೆ. ತಟ್ಟೆಯಲ್ಲಿ ದಾಲ್ ಇದೆ, ಖೀರು ಇದೆ, ಎಲ್ಲರಿಗೂ ರೊಟ್ಟಿ ಬಂದಿದೆ, ನನಗೆ ಮಾತ್ರ ಇಲ್ಲ. ಇದೇನಪ್ಪಾ ಅಂತ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಅಜ್ಜ ತಮ್ಮ ರೊಟ್ಟಿ ಎತ್ತಿ ತೋರಿಸಿ, ಇದೇ ಪರ್ಶಾದಾ ಅಂದರು. ಗುರುದ್ವಾರದಲ್ಲಿ ರೊಟ್ಟಿಗೆ ಪರ್ಶಾದಾ ಅಂತಾರೆ. ಸಿಹಿ ಪ್ರಸಾದ ಬೇರೆ, ಅದು ಸಿಗುವ ಜಾಗವೂ ಬೇರೆ.

ಪಂಜಾಬಿ ಬರದ ಕನ್ನಡದವರಿಗೆ ಅಲ್ಲಿ ಆಗುವ ತೊಂದರೆ ಹೆಚ್ಚಾಗಿ ಇಂಥದ್ದೇ. ಅಲ್ಲಿ ಕಿವಿಗೆ ಬೀಳುವ ಪದಗಳಲ್ಲಿ ಅರ್ಧಕ್ಕರ್ಧ ನಮಗೆ ಗೊತ್ತಿರುವ ಪದಗಳೇ. ಕೆಲವು ಸಂಸ್ಕೃತದಿಂದ ಬಂದಿವೆ, ಕೆಲವು ಪರ್ಷಿಯನ್, ಅರೇಬಿಕ್ ಕಡೆಯಿಂದ. ಅವೇ ಪದಗಳು ಕನ್ನಡಕ್ಕೂ ಬಂದಿವೆ. ಆದರೆ ಇಲ್ಲಿಗೆ ಬಂದು ಒಂದು ಅರ್ಥ ಹಿಡಿದವು, ಅಲ್ಲಿ ಇನ್ನೊಂದು. ಪೂರ್ತಿ ಗೊತ್ತಿಲ್ಲದ ಪದವಾದರೆ ಯಾರನ್ನಾದರೂ ಕೇಳುತ್ತೇವೆ. ಗೊತ್ತು ಅಂದುಕೊಂಡ ಪದವನ್ನು ಕೇಳುವುದಿಲ್ಲ ಅಲ್ವಾ, ಎಡವುವುದು ಅಲ್ಲೇ. ಹಾಗಾಗಿ ಬಾಗಿಲಿನಿಂದ ಊಟದವರೆಗೆ, ಪದಗಳು ಎದುರಾಗುವ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ. ಅಮೃತಸರವಾಗಲಿ, ಬೀದರ್‌ನ ನಾನಕ್ ಝೀರಾ ಆಗಲಿ, ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಗುರುದ್ವಾರವಾಗಲಿ, ಮಾತು ಇವೇ.

ಅಂದ ಹಾಗೆ, ಝೀರಾ ಅಂದರೆ ನಮ್ಮ ಝರಿ. ಗುರುನಾನಕರು ಬೀದರ್‌ಗೆ ಬಂದಾಗ ಅಲ್ಲಿ ಸಿಹಿನೀರು ಚಿಮ್ಮಿತು ಅನ್ನುವುದು ನಂಬಿಕೆ, ಆ ನೀರು ಈಗಲೂ ಹರಿಯುತ್ತದೆ.

ಬಾಗಿಲಲ್ಲಿ

ದೂರದಿಂದ ಮೊದಲು ಕಾಣುವುದು ಬಟ್ಟೆ ಸುತ್ತಿದ ಎತ್ತರದ ಕಂಬ, ಅದರ ಮೇಲೆ ಹಳದಿ, ಕೇಸರಿ ಅಥವಾ ನೀಲಿ ಬಾವುಟ. ಅದು ನಿಶಾನ್ ಸಾಹಿಬ್. ದಸರಾ ಮೆರವಣಿಗೆಯ ನಿಶಾನೆ ಆನೆ ನೆನಪಿದ್ದರೆ ಸಾಕು, ಅದೇ ನಿಶಾನೆ ಇದು. ಜೊತೆಗಿರುವ ಸಾಹಿಬ್ ಅನ್ನುವುದು ನಮ್ಮ ಕಚೇರಿಯ ಸಾಹೇಬರಲ್ಲ. ಗೌರವ ಕೊಡಬೇಕಾದ ಜಾಗ, ಗ್ರಂಥ, ವಸ್ತು ಎಲ್ಲದಕ್ಕೂ ಆ ಪದ ಸೇರಿಸುತ್ತಾರೆ. ಧ್ವಜಕ್ಕೂ ಸಾಹಿಬ್, ಊರಿಗೂ ಸಾಹಿಬ್.

ಮೊದಲ ಕೆಲಸ ಜೋಡಾ ಘರ್ ಹುಡುಕುವುದು. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರಿಗೆ ಚಪ್ಪಲಿ ಅಂದರೆ ಜೋಡು ತಾನೇ. ಚಪ್ಪಲಿ ಕೊಟ್ಟು ಟೋಕನ್ ಇಸ್ಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಸಾಕ್ಸನ್ನೂ ಬಿಚ್ಚಿ ಬ್ಯಾಗಿಗೆ ಹಾಕಿ, ಯಾಕೆಂದರೆ ಅಮೃತಸರದಂಥ ಕಡೆ ಒಳಗೆ ಹೋಗುವ ದಾರಿಯಲ್ಲೇ ಕಾಲು ತೊಳೆಯಲು ತೆಳುವಾಗಿ ನೀರು ಹರಿಯುವ ತೊಟ್ಟಿ ಇರುತ್ತದೆ, ಅದನ್ನು ದಾಟಿಯೇ ಹೋಗಬೇಕು. ಒದ್ದೆ ಸಾಕ್ಸಲ್ಲಿ ಅಮೃತಶಿಲೆಯ ಮೇಲೆ ನಡೆಯುವುದು ಏನಂತ ಗೊತ್ತಾಗಬೇಕಾದರೆ ಡಿಸೆಂಬರ್‌ನಲ್ಲಿ ಹೋಗಿ. ಜೇಬಲ್ಲಿ ಸಿಗರೇಟು, ಗುಟ್ಕಾ ಇದ್ದರೆ ಗುರುದ್ವಾರದ ಆವರಣಕ್ಕೇ ತರಬೇಡಿ. ಅಲ್ಲಿ ತಂಬಾಕು ಕಟ್ಟುನಿಟ್ಟಾಗಿ ನಿಷಿದ್ಧ.

ಆಮೇಲೆ ತಲೆ. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ತಲೆ ಮುಚ್ಚಬೇಕು. ಬಟ್ಟೆ ತಂದಿಲ್ಲ ಅಂದರೆ ಬಾಗಿಲ ಹತ್ತಿರ ಬುಟ್ಟಿಯಲ್ಲಿ ಚೌಕದ ಬಟ್ಟೆಗಳು ಇರುತ್ತವೆ, ತಗೊಂಡು ಹಣೆಯ ಮೇಲಿಂದ ಹಿಂದಕ್ಕೆ ಬಿಗಿಯಾಗಿ ಕಟ್ಟಿ. ಕ್ರಿಕೆಟ್ ಕ್ಯಾಪು ಬೇಡ. ಈ ತಲೆಬಟ್ಟೆಗೆ ರುಮಾಲ್ ಅಂತಾರೆ, ನಮ್ಮ ತಾತಂದಿರು ಸುತ್ತುತ್ತಿದ್ದ ರುಮಾಲಿನ ಹಾಗೇ. ಆದರೆ ಒಳಗೆ ರುಮಾಲಾ ಅಂತ ದೀರ್ಘವಾಗಿ ಹೇಳಿದ್ದು ಕೇಳಿಸಿದರೆ ಅದು ಬೇರೆ, ಗ್ರಂಥಕ್ಕೆ ಹೊದಿಸುವ ಜರಿ ವಸ್ತ್ರ. ಜನ ಅದನ್ನು ಕಾಣಿಕೆಯಾಗಿ ತಂದುಕೊಡುತ್ತಾರೆ.

ಬಾಗಿಲಲ್ಲಿ ಯಾರನ್ನಾದರೂ ಮಾತಾಡಿಸಬೇಕಾದರೆ ಗಂಡಸರಿಗೆ ವೀರ್‌ಜೀ, ಹೆಂಗಸರಿಗೆ ಭೈಣ್‌ಜೀ. ಪಂಜಾಬಿಯಲ್ಲಿ ವೀರ್ ಅಂದರೆ ಅಣ್ಣ ಅಥವಾ ತಮ್ಮ. ನಿಮ್ಮನ್ನು ಯಾರಾದರೂ ವೀರ್‌ಜೀ ಅಂದರೆ ಎದೆ ಉಬ್ಬಿಸಬೇಡಿ, ಅಣ್ಣಾ ಅಂತ ಕರೆದಿದ್ದಾರೆ ಅಷ್ಟೇ.

ಒಳಗೆ: ಸಂಗತ್

ಒಳಗಿನ ದೊಡ್ಡ ಹಾಲ್‌ಗೆ ದರ್ಬಾರ್ ಅಂತಾರೆ. ಈ ಪದ ಮಾತ್ರ ನಮ್ಮ ದರ್ಬಾರೇ, ಅರ್ಥದಲ್ಲೂ ಮೋಸವಿಲ್ಲ. ಮುಂದೆ ಎತ್ತರದ ಪೀಠ, ಮೇಲೆ ಛತ್ರ, ಹಿಂದೆ ಒಬ್ಬರು ಚಾಮರ ಬೀಸುತ್ತಿರುತ್ತಾರೆ. ಅಂದರೆ ರಾಜನಿಗೆ ಮಾಡುವ ಎಲ್ಲ ಮರ್ಯಾದೆ. ಅಲ್ಲಿ ಕೂತಿರುವುದು ಮಾತ್ರ ಒಂದು ಗ್ರಂಥ. ನಮ್ಮವರು ಸಾಮಾನ್ಯವಾಗಿ ಕತ್ತು ಉದ್ದ ಮಾಡಿ ಮೂರ್ತಿ ಎಲ್ಲಿದೆ ಅಂತ ಹುಡುಕುತ್ತಾರೆ. ಮೂರ್ತಿ ಇಲ್ಲ. 1708ರಲ್ಲಿ ಹತ್ತನೇ ಗುರು ಗೋಬಿಂದ್ ಸಿಂಗ್ ನಾಂದೇಡ್‌ನಲ್ಲಿ ತೀರಿಕೊಳ್ಳುವ ಮೊದಲು, ಇನ್ನು ಮುಂದೆ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಅಂದರು. ಅದಕ್ಕೇ ಅದು ಗುರು ಗ್ರಂಥ್ ಸಾಹಿಬ್. ಬೆಳಗ್ಗೆ ತೆರೆಯುತ್ತಾರೆ, ರಾತ್ರಿ ಹೊದಿಸಿ ಬೇರೆ ಕೋಣೆಯಲ್ಲಿ ಮಲಗಿಸುತ್ತಾರೆ. ಪುಸ್ತಕ ಅನ್ನಬೇಡಿ, ಯಾರೂ ಬೈಯುವುದಿಲ್ಲ, ಆದರೆ ಅವರಿಗೆ ಕಸಿವಿಸಿ ಆಗುತ್ತದೆ.

ನಡುವಿನ ದಾರಿಯಲ್ಲಿ ಮುಂದೆ ಹೋಗಿ, ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ. ಇದಕ್ಕೆ ಮತ್ಥಾ ಟೇಕ್‌ನಾ ಅಂತಾರೆ. ಮಂಡಿ ನೋವಿದ್ದರೆ ಕೈಮುಗಿದು ತಲೆಬಾಗಿದರೂ ನಡೆಯುತ್ತದೆ. ಎದುರಿಗೇ ಗೋಲಕ್ ಇರುತ್ತದೆ, ನಮ್ಮ ಹುಡುಗರ ಗೋಲಕದ ದೊಡ್ಡಣ್ಣ. ಹಾಕುವುದಾದರೆ ಹಾಕಿ. ಹಾಕದಿದ್ದರೆ ಯಾರೂ ನೋಡುವುದಿಲ್ಲ. ಕಾಯಿ, ಕರ್ಪೂರ ತಂದಿದ್ದರೆ ಬ್ಯಾಗಲ್ಲೇ ಇರಲಿ, ಇಲ್ಲಿ ಮಂಗಳಾರತಿ, ತೀರ್ಥ ಯಾವುದೂ ಇಲ್ಲ. ನಮಸ್ಕಾರ ಆದ ಮೇಲೆ ಥಟ್ ಅಂತ ಬೆನ್ನು ತಿರುಗಿಸದೆ ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ನೆಲದ ಮೇಲೆ ಕೂತುಕೊಳ್ಳಿ. ತುಂಬಾ ಕಡೆ ಒಂದು ಬದಿಗೆ ಹೆಂಗಸರು, ಇನ್ನೊಂದು ಬದಿಗೆ ಗಂಡಸರು ಕೂರುತ್ತಾರೆ, ನೋಡಿಕೊಂಡು ಕೂರಿ. ಕಾಲು ಗ್ರಂಥದ ಕಡೆ ಚಾಚಬೇಡಿ.

ಹೀಗೆ ಕೂತಾಗ ನೀವು ಸಂಗತ್ ಆದಿರಿ. ಕನ್ನಡದಲ್ಲಿ ಸಂಗತಿ ಅಂದರೆ ವಿಷಯ, ಸಮಾಚಾರ. ಪಂಜಾಬಿಯ ಸಂಗತ್ ನಮ್ಮ ಸಂಗಕ್ಕೆ ಹತ್ತಿರ, ಸಜ್ಜನರ ಸಂಗ ಅಂತೀವಲ್ಲ ಆ ಸಂಗ. ಆದರೆ ಅದನ್ನು ಬರೀ ಗುಂಪು, ಭಕ್ತಾದಿಗಳು ಅಂತ ಅನುವಾದ ಮಾಡಿಕೊಂಡರೆ ಅರ್ಧ ಅರ್ಥ ಸೋರಿಹೋಗುತ್ತದೆ. ಭಕ್ತಾದಿಗಳು ದೇವಸ್ಥಾನಕ್ಕೆ ಬಂದುಹೋಗುವವರು, ಒಳಗಿನ ಕೆಲಸ ಅರ್ಚಕರದ್ದು. ಇಲ್ಲಿ ಹಾಗಿಲ್ಲ. ಗ್ರಂಥ ಮತ್ತು ಸಂಗತ್ ಎರಡೂ ಸೇರಿದರೇ ಅದು ಗುರುದ್ವಾರ. ಮೈಕಲ್ಲಿ "ಸಾಧ್ ಸಂಗತ್ ಜೀ" ಅಂತ ಶುರುಮಾಡಿದರೆ ಸಭಿಕರೇ ಅಂದಂತೆ, ಏನೋ ಪ್ರಕಟಣೆ ಬರುತ್ತಿದೆ ಅಂತ ಅರ್ಥ. ಕೂತಿರುವ ನೀವೂ ಅದರಲ್ಲಿ ಸೇರಿದ್ದೀರಿ, ಯಾವ ಜಾತಿ, ಯಾವ ಊರು ಅಂತ ಕೇಳುವುದಿಲ್ಲ.

ಈ ಸಭೆಗೆ ದೀವಾನ್ ಅಂತಲೂ ಹೇಳುತ್ತಾರೆ. ದಿವಾನ್ ಪೂರ್ಣಯ್ಯನವರಿಗೂ ಮನೆಯ ದಿವಾನ್ ಕಾಟ್‌ಗೂ ಇದಕ್ಕೂ ಬೇರು ಒಂದೇ, ಅರ್ಥ ಬೇರೆ. ಭಾನುವಾರ ಹನ್ನೊಂದಕ್ಕೆ ದೀವಾನ್ ಅಂತ ಬರೆದಿದ್ದರೆ ಆಗ ಸಭೆ.

ರಾಗಿ, ಗ್ರಂಥಿ

ಪಕ್ಕದ ಸಣ್ಣ ವೇದಿಕೆಯಲ್ಲಿ ಸಾಮಾನ್ಯವಾಗಿ ಮೂವರು ಕೂತಿರುತ್ತಾರೆ. ಇಬ್ಬರ ಮುಂದೆ ಹಾರ್ಮೋನಿಯಂ, ಒಬ್ಬರ ಮುಂದೆ ತಬಲಾ. "ಈಗ ರಾಗಿ ಜಥಾ ಬರುತ್ತಾರೆ" ಅಂದಾಗ ಮಂಡ್ಯ, ಹಾಸನ ಕಡೆಯವರಿಗೆ ನಗು ತಡೆಯುವುದು ಕಷ್ಟ. ರಾಗ ಹಾಡುವವರು ರಾಗಿ, ಅವರ ತಂಡ ಜಥಾ. ಅವರು ಹಾಡುವುದು ಗ್ರಂಥದ ಪದಗಳನ್ನೇ, ಅದು ಕೀರ್ತನ್. ನಮ್ಮ ಕೀರ್ತನೆ ಅಂದರೆ ಪುರಂದರದಾಸರು, ಕನಕದಾಸರು ರಚಿಸಿದ ಪದ. ಅವರಲ್ಲಿ ಕೀರ್ತನ್ ಅಂದರೆ ಹಾಡುವ ಕ್ರಿಯೆ, ಹಾಡುವ ಪದಕ್ಕೆ ಶಬದ್ ಅಂತ ಹೆಸರು. ಗ್ರಂಥದಲ್ಲಿ ಶಬದ್‌ಗಳನ್ನು ಜೋಡಿಸಿರುವುದೇ ರಾಗಗಳ ಪ್ರಕಾರ. ಅದರಲ್ಲಿ ಕಬೀರರೂ ಇದ್ದಾರೆ, ಪಂಢರಪುರದ ನಾಮದೇವರೂ ಇದ್ದಾರೆ. ಚಪ್ಪಾಳೆ ಮಾತ್ರ ತಟ್ಟಬೇಡಿ, ಎಷ್ಟೇ ಚೆನ್ನಾಗಿ ಹಾಡಿದರೂ.

ಗ್ರಂಥದ ಹಿಂದೆ ಕೂತು ಓದುವವರು ಗ್ರಂಥಿ. ನಮ್ಮಲ್ಲಿ ಗ್ರಂಥಿ ಅಂದರೆ ಥೈರಾಯ್ಡ್ ಥರದ್ದು, ಡಾಕ್ಟರ ಹತ್ತಿರ ಕೇಳುವ ಪದ. ಇವರು ಪೂಜಾರಿಯಲ್ಲ, ಸಿಖ್ಖರಲ್ಲಿ ಪುರೋಹಿತ ವರ್ಗ ಅಂತ ಇಲ್ಲ. ಓದಲು ಬರುವ ಯಾವ ಸಿಖ್ಖರೂ, ಹೆಂಗಸರೂ, ಅಲ್ಲಿ ಕೂತು ಓದಬಹುದು. ಗ್ರಂಥಿಯವರನ್ನು ಮಾತಾಡಿಸುವುದಾದರೆ ಭಾಯೀ ಸಾಹಿಬ್ ಅಥವಾ ಗ್ಯಾನೀಜೀ ಅನ್ನಿ.

ಎಲ್ಲರೂ ಥಟ್ಟನೆ ಎದ್ದು ನಿಂತಾಗ

ಕೀರ್ತನ್ ಮುಗಿಯುತ್ತಾ ಬಂತು, ಸುತ್ತಲಿನವರೆಲ್ಲ ಎದ್ದು ಕೈಮುಗಿದು ನಿಂತರು. ಮೊದಲ ಸಲ ಹೋದವರು ಎಲ್ಲ ಮುಗಿಯಿತು ಅಂತ ಬಾಗಿಲ ಕಡೆ ಹೆಜ್ಜೆ ಹಾಕುವುದು ಈಗಲೇ. ಹಾಗೆ ಮಾಡಬೇಡಿ, ಇದು ಅರ್ದಾಸ್. ಪರ್ಷಿಯನ್ನಿನ ಅರ್ಜ್‌ದಾಶ್ತ್‌ನಿಂದ ಬಂದ ಪದ, ಮನವಿ ಅಂತ ಅರ್ಥ. ನಾವು ತಾಲೂಕು ಕಚೇರಿಗೆ ಹಾಕುವ ಅರ್ಜಿ ಇದರ ಸೋದರ. ಗ್ರಂಥದ ಎದುರು ನಿಂತು ಒಬ್ಬರು ಎಲ್ಲರ ಪರವಾಗಿ ಅರ್ಜಿ ಹೇಳುತ್ತಾರೆ. ಹತ್ತು ಗುರುಗಳ ಸ್ಮರಣೆಯಿಂದ ಶುರುವಾಗಿ, ಪ್ರಾಣ ಕೊಟ್ಟವರನ್ನು ನೆನೆದು, ಕೊನೆಯಲ್ಲಿ ಅವತ್ತಿನ ಮನವಿಗಳು ಬರುತ್ತವೆ: ಯಾರದೋ ಮಗುವಿನ ಹುಟ್ಟುಹಬ್ಬ, ಯಾರದೋ ಕಾಯಿಲೆ. ನಡುನಡುವೆ "ಬೋಲೋ ಜೀ ವಾಹೆಗುರು" ಅಂದಾಗ ಎಲ್ಲರೂ "ವಾಹೆಗುರು" ಅನ್ನುತ್ತಾರೆ, ಅದು ಅವರು ದೇವರನ್ನು ಕರೆಯುವ ಹೆಸರು. ನೀವೂ ಅನ್ನಬಹುದು, ಸುಮ್ನೆ ನಿಂತರೂ ತಪ್ಪಲ್ಲ.

ಇಲ್ಲಿ ಕಿವಿಗೊಟ್ಟರೆ ಪಂಜ್ ಪ್ಯಾರೇ ಅನ್ನುವ ಮಾತು ಕೇಳಿಸುತ್ತದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ತಲೆ ಕೊಡಲು ಯಾರು ಸಿದ್ಧ ಅಂತ ಕೇಳಿದಾಗ ಎದ್ದು ಬಂದ ಐವರು ಅವರು. ಅವರಲ್ಲಿ ಒಬ್ಬರಾದ ಭಾಯೀ ಸಾಹಿಬ್ ಸಿಂಗ್ ನಮ್ಮ ಬೀದರ್‌ನವರು, ಕ್ಷೌರಿಕರ ಮನೆತನದವರು ಅನ್ನುತ್ತದೆ ಸಿಖ್ ಪರಂಪರೆ. ಕೆನಡಾದಲ್ಲಾಗಲಿ ಅಮೃತಸರದಲ್ಲಾಗಲಿ, ಪ್ರತಿ ಅರ್ದಾಸ್‌ನಲ್ಲೂ ಆ ಐವರ ನೆನಪಿನೊಳಗೆ ಬೀದರ್‌ನ ಒಬ್ಬರು ಬಂದುಹೋಗುತ್ತಾರೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

"ಸರ್ಬತ್ ದಾ ಭಲಾ", ಅಂದರೆ ಎಲ್ಲರಿಗೂ ಒಳ್ಳೆಯದಾಗಲಿ, ಅನ್ನುವ ಮಾತು ಬಂದರೆ ಅರ್ದಾಸ್ ಮುಗಿಯಿತು ಅಂತ ಗುರುತು. ಎಲ್ಲರೂ ನೆಲಕ್ಕೆ ಹಣೆ ಹಚ್ಚುತ್ತಾರೆ. ಎದ್ದ ಮೇಲೆ ಒಬ್ಬರು "ಬೋಲೇ ಸೋ ನಿಹಾಲ್" ಅಂತ ಗಟ್ಟಿಯಾಗಿ ಕೂಗುತ್ತಾರೆ, ಉಳಿದವರು "ಸತ್ ಶ್ರೀ ಅಕಾಲ್" ಅಂತ ಉತ್ತರಿಸುತ್ತಾರೆ. ಜೊತೆಗೆ ಮಕ್ಕಳಿದ್ದರೆ ಮೊದಲೇ ಹೇಳಿಡಿ, ಬೆಚ್ಚಿಬೀಳುತ್ತವೆ.

ಮತ್ತೆ ಕೂತುಕೊಳ್ಳಿ. ಈಗ ಹುಕಮ್, ಅಥವಾ ಹುಕಮ್‌ನಾಮಾ. ಬಗರ್ ಹುಕುಂ ಜಮೀನು ಅಂತ ಕೇಳಿದ್ದೀರಲ್ಲ, ಹುಕುಂ ಇಲ್ಲದೆ ಉಳುಮೆ ಮಾಡಿದ್ದು, ಆ ಹುಕುಂ. ಅರ್ಜಿ ಹಾಕಿ ಆಯಿತು, ಈಗ ಬರುವುದು ಆದೇಶ. ಕಚೇರಿಯ ಭಾಷೆಯೇ ಇಲ್ಲಿ ಭಕ್ತಿಯ ಭಾಷೆ ಆಗಿರುವುದು ನನಗಂತೂ ತುಂಬಾ ಇಷ್ಟ. ಗ್ರಂಥಿಯವರು ಮುಚ್ಚಿದ ರುಮಾಲಾ ಸರಿಸಿ ಗ್ರಂಥವನ್ನು ಯಾವುದೋ ಒಂದು ಪುಟಕ್ಕೆ ತೆರೆಯುತ್ತಾರೆ. ಎಡಪುಟದ ಮೇಲ್ಗಡೆ ಇರುವ ಪದ ಅವತ್ತಿನ ಹುಕಮ್. ಆ ಪದ ಹಿಂದಿನ ಪುಟದಲ್ಲೇ ಶುರುವಾಗಿದ್ದರೆ ಪುಟ ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಓದುತ್ತಾರೆ. ಇದು ಭವಿಷ್ಯ ಹೇಳುವುದಲ್ಲ, ಪ್ರಶ್ನೆ ಕೇಳುವ ಶಾಸ್ತ್ರವೂ ಅಲ್ಲ. ಗುರು ಇವತ್ತು ಹೇಳಿದ್ದು ಇದು ಅಂತ ಕೇಳಿಸಿಕೊಳ್ಳುತ್ತಾರೆ. ಓದುವಾಗ ಓಡಾಡಬಾರದು, ಫೋನು ಜೇಬಲ್ಲೇ ಇರಲಿ.

ಬೊಗಸೆಗೆ ಬೀಳುವ ಸಿಹಿ

ಸಿಹಿ ಪ್ರಸಾದ ಇದೇ, ಕಡಾಹ್ ಪ್ರಸಾದ್. ಕಡಾಹ್ ಅಂದರೆ ದೊಡ್ಡ ಬಾಣಲೆ, ನಮ್ಮ ಕಡಾಯಿ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಮೂರೂ ಸಮಸಮ, ಜೊತೆಗೆ ನೀರು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದ ಸಜ್ಜಿಗೆ ನೆನಪಾಗುತ್ತದೆ, ಆದರೆ ರವೆ ಇಲ್ಲ, ಬಾಳೆಹಣ್ಣಿಲ್ಲ, ಏಲಕ್ಕಿ ದ್ರಾಕ್ಷಿ ಏನೂ ಇಲ್ಲ. ಅರ್ದಾಸ್ ಆದ ಮೇಲೆ ಅದಕ್ಕೆ ಕಿರ್ಪಾನ್, ಅಂದರೆ ಸಿಖ್ಖರ ಕತ್ತಿ, ತಾಗಿಸಿ, ಮೊದಲು ಪಂಜ್ ಪ್ಯಾರೇ ಹೆಸರಲ್ಲಿ ಐದು ಪಾಲು ತೆಗೆದು, ಆಮೇಲೆ ಎಲ್ಲರಿಗೂ ಹಂಚುತ್ತಾರೆ.

ಕೂತಲ್ಲೇ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಹಿಡಿಯಿರಿ. ಬಿಸಿ ಇರುತ್ತದೆ, ತುಪ್ಪ ಬೆರಳಸಂದಿಯಿಂದ ಮೊಣಕೈಗೆ ಇಳಿಯುತ್ತದೆ, ಕರವಸ್ತ್ರ ಹತ್ತಿರ ಇಟ್ಟುಕೊಂಡಿರಿ. ಸಕ್ಕರೆ ಕಾಯಿಲೆ ಇದ್ದವರು "ಥೋಡಾ ಜೀ" ಅಂದರೆ ಸ್ವಲ್ಪ ಕೊಡುತ್ತಾರೆ. ಪೂರ್ತಿ ಬೇಡ ಅನ್ನುವುದು ಚೆನ್ನಾಗಿರುವುದಿಲ್ಲ, ತಗೊಂಡು ಎಲ್ಲೋ ಇಟ್ಟು ಹೋಗುವುದು ಅದಕ್ಕಿಂತ ಕೆಟ್ಟದ್ದು.

ಲಂಗರ್: ಪಂಕ್ತಿ ಇದೆ, ಪಂಕ್ತಿಭೇದ ಇಲ್ಲ

ಕನ್ನಡದಲ್ಲಿ ಹಡಗು ಲಂಗರು ಹಾಕುತ್ತದೆ. ಪರ್ಷಿಯನ್ನಿನಲ್ಲಿ ಲಂಗರ್ ಅಂದರೆ ಹಡಗಿನ ಲಂಗರೂ ಹೌದು, ಬಂದವರಿಗೆ ಊಟ ಹಾಕುವ ಜಾಗವೂ ಹೌದು. ನಮಗೆ ಮೊದಲನೆಯದು ಬಂತು, ಪಂಜಾಬಿನಲ್ಲಿ ಎರಡನೆಯದು ಬೇರು ಬಿಟ್ಟಿತು. ಈಗ ಅಲ್ಲಿ ಅಡುಗೆಮನೆಯೂ ಲಂಗರ್, ಊಟದ ಹಾಲೂ ಲಂಗರ್, ಊಟವೂ ಲಂಗರ್. "ಲಂಗರ್ ಛಕ್ ಕೇ ಜಾಣಾ" ಅಂದರೆ ಊಟ ಮಾಡಿಕೊಂಡೇ ಹೋಗಿ ಅಂತ. ಮನೆಯಲ್ಲಿ ತಿನ್ನುವುದಕ್ಕೆ ಖಾಣಾ ಅನ್ನುವ ಪದವಿದೆ, ಗುರುದ್ವಾರದ ಊಟಕ್ಕೆ ಮಾತ್ರ ಛಕ್‌ಣಾ ಅಂತಾರೆ.

ಇನ್ನು ಪಂಗತ್. ಪಂಕ್ತಿಯೇ ಪಂಗತ್ ಆಗಿದೆ. ಸಾಲಾಗಿ ನೆಲದ ಮೇಲೆ ಕೂತು ಉಣ್ಣುವುದು ನಮಗೆ ಹೊಸದೇನಲ್ಲ, ಆದರೆ ಪಂಕ್ತಿ ಅಂದ ಕೂಡಲೇ ನಮ್ಮ ಭಾಷೆಯಲ್ಲಿ ಪಂಕ್ತಿಭೇದ ಅನ್ನುವ ಪದವೂ ಹಿಂದೆಯೇ ಬರುತ್ತದೆ. ಯಾರು ಒಳಗೆ, ಯಾರು ಹೊರಗೆ, ಯಾರಿಗೆ ಮೊದಲ ಪಂಕ್ತಿ. ಪಂಗತ್ ಇರುವುದೇ ಅದನ್ನು ಮುರಿಯುವುದಕ್ಕೆ. ಹದಿನಾರನೇ ಶತಮಾನದಲ್ಲಿ ಮೂರನೇ ಗುರು ಅಮರದಾಸರು "ಪೆಹಲೇ ಪಂಗತ್, ಪಿಛೇ ಸಂಗತ್" ಅಂತ ನಿಯಮ ಮಾಡಿದರು ಅನ್ನುತ್ತಾರೆ. ಅಂದರೆ ನನ್ನನ್ನು ನೋಡಲು ಬರುವವರು ಮೊದಲು ಎಲ್ಲರ ಪಕ್ಕ ಕೂತು ಉಣ್ಣಲಿ. ಅಕ್ಬರ್ ಬಂದಾಗಲೂ ನೆಲದ ಮೇಲೆ ಕೂತೇ ಉಂಡ ಅಂತ ಕಥೆಯಿದೆ. ಅದಕ್ಕೇ ನೀವು ಹೊಟ್ಟೆ ತುಂಬಿದೆ ಅಂತ ಲಂಗರ್ ತಪ್ಪಿಸಿಕೊಂಡರೆ ಅವರಿಗೆ ಅರ್ಥವಾಗುವುದಿಲ್ಲ. ಇದು ಬಡವರಿಗೆ ಹಾಕುವ ಪುಕ್ಕಟೆ ಊಟ ಅಲ್ಲ. ಕಾರಲ್ಲಿ ಬಂದವರೂ ಅಲ್ಲೇ ಕೂರಬೇಕು.

ಬಾಗಿಲಲ್ಲಿ ತಟ್ಟೆ, ಬಟ್ಟಲು, ಚಮಚ ಕೊಡುತ್ತಾರೆ. ಸಾಲು ಎಲ್ಲಿಗೆ ಮುಗಿದಿದೆಯೋ ಅಲ್ಲಿ ಕೂತುಕೊಳ್ಳಿ, ಗೆಳೆಯರ ಪಕ್ಕವೇ ಬೇಕು ಅಂತ ಜಾಗ ಹಿಡಿಯಬೇಡಿ. ದಾಲ್, ಸಬ್ಜಿ, ಕೆಲವೊಮ್ಮೆ ಖೀರು ತಟ್ಟೆಗೆ ಬೀಳುತ್ತವೆ. ರೊಟ್ಟಿ, ಅಂದರೆ ಪರ್ಶಾದಾ, ಮಾತ್ರ ಕೈಗೆ ಬರುತ್ತದೆ. ಎರಡೂ ಅಂಗೈ ಮೇಲ್ಮುಖವಾಗಿ ಹಿಡಿದರೆ ಮೇಲಿಂದ ಹಾಕುತ್ತಾರೆ. ನೀರಿಗೆ ಜಲ್ ಅಂತಾರೆ. ಸಾಕಾದರೆ "ಬಸ್ ಜೀ" ಅಂದು ಕೈಮುಗಿಯಿರಿ. ಮೊದಲ ಸುತ್ತಲ್ಲೇ ಜಾಸ್ತಿ ಹಾಕಿಸಿಕೊಳ್ಳಬೇಡಿ, ಮತ್ತೆ ಮತ್ತೆ ಬರುತ್ತಾರೆ. ತಟ್ಟೆಯಲ್ಲಿ ಬಿಡುವುದು ದೊಡ್ಡ ತಪ್ಪು. ಯೋಧರ ಪಂಗಡವಾದ ನಿಹಂಗ್ ಸಿಖ್ಖರ ಲಂಗರ್‌ಗೆ ಹೋದರೆ ಇನ್ನೂ ಮಜಾ, ಅವರಿಗೆ ತಮ್ಮದೇ ಆದ ಪದಕೋಶ ಇದೆ. ಕಡಲೆಗೆ ಬಾದಾಮಿ ಅಂತಾರೆ, ಈರುಳ್ಳಿಗೆ ರೂಪಾ, ಅಂದರೆ ಬೆಳ್ಳಿ. ಬಾದಾಮಿ ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ.

ಸೇವೆಗೆ ಚೀಟಿ ಇಲ್ಲ

ಕೊನೆಯ ಪದ ಸೇವಾ. ಎಲ್ಲಕ್ಕಿಂತ ಜಾಸ್ತಿ ಎಡವುವುದು ಇಲ್ಲೇ. ನಮ್ಮ ದೇವಸ್ಥಾನಗಳಲ್ಲಿ ಸೇವೆ ಅಂದರೆ ಕೌಂಟರಿನಲ್ಲಿ ದುಡ್ಡು ಕಟ್ಟಿ ಚೀಟಿ ತಗೊಳ್ಳುವುದು: ಕುಂಕುಮಾರ್ಚನೆ ಸೇವೆ, ಹೂವಿನ ಅಲಂಕಾರ ಸೇವೆ. ದುಡ್ಡು ನಮ್ಮದು, ಕೆಲಸ ಅರ್ಚಕರದ್ದು. ಗುರುದ್ವಾರದಲ್ಲಿ ಸೇವಾ ಅಂದರೆ ನಿಮ್ಮ ಕೈಯಿಂದ ಮಾಡುವ ಕೆಲಸ. ಬಡಿಸುವುದು, ಪಾತ್ರೆ ತಿಕ್ಕುವುದು, ನೆಲ ಒರೆಸುವುದು, ಜೋಡಾ ಘರ್‌ನಲ್ಲಿ ಇನ್ನೊಬ್ಬರ ಚಪ್ಪಲಿ ಎತ್ತಿಡುವುದು. ಮಾಡುವವರು ಸೇವಾದಾರ್. ಅವರಲ್ಲಿ ಬ್ಯಾಂಕ್ ಮ್ಯಾನೇಜರೂ ಇರಬಹುದು, ರಿಟೈರಾದ ಕರ್ನಲ್ಲೂ ಇರಬಹುದು. ಅದಕ್ಕೇ ಅವರಿಗೆ ಟಿಪ್ಸ್ ಕೊಡಲು ಹೋಗಬೇಡಿ. ನನ್ನ ಜೊತೆ ಬಂದಿದ್ದ ಗೆಳೆಯನೊಬ್ಬ ಚಪ್ಪಲಿ ಕೊಟ್ಟವರಿಗೆ ಹತ್ತು ರೂಪಾಯಿ ಚಾಚಿದ. ಅವರು ಬೈಯಲಿಲ್ಲ, ನಕ್ಕು ಗೋಲಕ್ ಇರುವ ಕಡೆ ಬೆರಳು ತೋರಿಸಿದರು.

ನೀವೂ ಮಾಡಬೇಕು ಅನ್ನಿಸಿದರೆ ಮೊದಲೇ ಹೆಸರು ಬರೆಸಬೇಕಿಲ್ಲ. ಊಟ ಆದ ಮೇಲೆ ಅಡುಗೆಮನೆ ಬಾಗಿಲಿಗೆ ಹೋಗಿ "ವೀರ್‌ಜೀ, ಕೋಯೀ ಸೇವಾ ದಸ್ಸೋ" ಅನ್ನಿ. ದಸ್ಸೋ ಅಂದರೆ ಹೇಳಿ. ಹೊಸಬರಿಗೆ ಸಾಮಾನ್ಯವಾಗಿ ಬೆಳ್ಳುಳ್ಳಿ ಸುಲಿಯುವುದೋ, ಬಟಾಣಿ ಬಿಡಿಸುವುದೋ ಸಿಗುತ್ತದೆ. ಕೈ ತೊಳೆದುಕೊಳ್ಳಿ, ತಲೆಬಟ್ಟೆ ಬಿಚ್ಚಬೇಡಿ, ಮಾಡುತ್ತಿರುವ ಅಡುಗೆಯ ರುಚಿ ನೋಡಬೇಡಿ. ರೊಟ್ಟಿ ಲಟ್ಟಿಸುವ ಕಡೆ ಕೂತರೆ ಅಲ್ಲಿನ ಅಮ್ಮಂದಿರು ನಿಮ್ಮ ಮೊದಲ ನಾಲ್ಕು ರೊಟ್ಟಿ ನೋಡಿ ಲಟ್ಟಣಿಗೆ ಕಿತ್ತುಕೊಂಡು ಹಿಟ್ಟಿನ ಉಂಡೆ ಕಟ್ಟುವ ಕೆಲಸ ಕೊಡಬಹುದು. ನನಗೆ ಹಾಗೇ ಆಯಿತು. ಪಾತ್ರೆ ತೊಳೆಯುವ ಕಡೆ ಮಾತ್ರ ಯಾವಾಗ ಹೋದರೂ ಜಾಗ ಇರುತ್ತದೆ, ತೋಳು ಮಡಚಿಕೊಂಡು ನಿಂತರೆ ಪಕ್ಕದವರು ಏನೂ ಕೇಳದೆ ಸ್ವಲ್ಪ ಸರಿದುಕೊಳ್ಳುತ್ತಾರೆ.